ಸಮ್ಮೇಳನಕ್ಕೆ ಉಪನ್ಯಾಸದ ಪ್ರಸ್ತಾಪ ಕಳುಹಿಸುವುದು: ಶಿರಸಿ, ಕಾರವಾರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಘಟ್ಟದ ಮೇಲೂ ಕೆಳಗೂ ಕುಳಿತು ಸಾಫ್ಟ್‌ವೇರ್ ಬರೆಯುವವರು ಈಗ ಕಡಿಮೆಯಿಲ್ಲ. ಬೆಂಗಳೂರಿನ ಸಮ್ಮೇಳನವೊಂದು ಪ್ರಸ್ತಾಪಗಳನ್ನು ಆಹ್ವಾನಿಸಿದಾಗ ಇವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಉತ್ತರಗಳು ತೇಲಿಹೋಗದಿರಲಿ ಎಂದು ಒಂದು ಕಲ್ಪಿತ ಪ್ರಸ್ತಾಪವನ್ನು ಉದ್ದಕ್ಕೂ ಇಟ್ಟುಕೊಂಡಿದ್ದೇನೆ. ಶಿರಸಿ ತಾಲ್ಲೂಕಿನ ಒಳಹಳ್ಳಿಯ ಸಹಕಾರಿ ಸಂಘವೊಂದಕ್ಕೆ ಅಡಿಕೆ ತೂಕದ ಚೀಟಿ ಕೊಡುವ ಆ್ಯಪ್ ಬರೆದ ಯುವತಿಯೊಬ್ಬರು, ಡೆವಲಪರ್‌ಗಳ ಸಮ್ಮೇಳನದಲ್ಲಿ ಅದರ ಬಗ್ಗೆ ಮೂವತ್ತು ನಿಮಿಷ ಮಾತನಾಡಲು ಬಯಸಿದ್ದಾರೆ ಎಂದುಕೊಳ್ಳೋಣ.

ಸಂಘಟಕರಿಗೆ ಏನೇನು ಬರೆದು ಕಳುಹಿಸಬೇಕು? ಯಾವುದರಿಂದ ಆರಂಭಿಸಲಿ?

ಅರ್ಜಿಯಲ್ಲಿ ಶೀರ್ಷಿಕೆ, ಸಾರಾಂಶ, ಕೇಳುಗರಿಗೆ ದಕ್ಕುವುದು, ನಿಮ್ಮ ಪರಿಚಯ ಎಂಬ ನಾಲ್ಕು ಭಾಗಗಳು ಸಾಮಾನ್ಯವಾಗಿ ಇರುತ್ತವೆ. ಸಮಿತಿಯವರು ಮಾತ್ರ ಓದುವ ಟಿಪ್ಪಣಿಗೆಂದು ಇನ್ನೊಂದು ಖಾಲಿ ಜಾಗವನ್ನು ಬಹಳಷ್ಟು ಕಡೆ ಕೊಟ್ಟಿರುತ್ತಾರೆ. ಬಹುತೇಕರು ಮೇಲಿನಿಂದ ಕೆಳಕ್ಕೆ ತುಂಬುತ್ತಾ ಹೋಗುತ್ತಾರೆ. ನಾನು ಹೇಳುವುದು, ಕೇಳುಗರಿಗೆ ದಕ್ಕುವುದೇನು ಎಂಬುದನ್ನು ಮೊದಲು ಬರೆಯಿರಿ. ಅದು ಖಚಿತವಾದರೆ ಸಾರಾಂಶದಲ್ಲಿ ಏನಿರಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಶೀರ್ಷಿಕೆ ಆಮೇಲೆ. ಪರಿಚಯ ಕೊನೆಗೆ, ಏಕೆಂದರೆ ಈ ಉಪನ್ಯಾಸಕ್ಕೆ ನಿಮ್ಮ ಬದುಕಿನ ಯಾವ ಭಾಗ ಬೇಕು ಎಂಬುದು ಉಪನ್ಯಾಸ ಸಿದ್ಧವಾದ ಮೇಲಷ್ಟೇ ಗೊತ್ತಾಗುತ್ತದೆ.

ಸಾರಾಂಶ ಬರೆಯಲು ಕುಳಿತರೆ ಪೀಠಿಕೆಯೇ ಮುಗಿಯುವುದಿಲ್ಲ. ಏನು ಮಾಡಲಿ?

ನಮ್ಮ ಯುವತಿಯ ಮೊದಲ ಕರಡು ಹೀಗಿತ್ತು ಎಂದಿಟ್ಟುಕೊಳ್ಳಿ:

> ಇಂದಿನ ಡಿಜಿಟಲ್ ಯುಗದಲ್ಲಿ ಗ್ರಾಮೀಣ ಕೃಷಿಕರಿಗೆ ತಂತ್ರಜ್ಞಾನ ಅತ್ಯಗತ್ಯವಾಗಿದೆ. ಉತ್ತರ ಕನ್ನಡ ಜಿಲ್ಲೆಯು ಅಡಿಕೆ ಬೆಳೆಗೆ ಹೆಸರುವಾಸಿ. ಈ ಉಪನ್ಯಾಸದಲ್ಲಿ ಅಡಿಕೆ ವ್ಯವಹಾರದಲ್ಲಿ ಮೊಬೈಲ್ ಆ್ಯಪ್‌ಗಳ ಪಾತ್ರ, ಅವುಗಳ ಸವಾಲುಗಳು ಹಾಗೂ ಪರಿಹಾರಗಳನ್ನು ಚರ್ಚಿಸಲಾಗುವುದು.

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಆ್ಯಪ್ ಬರೆಯದವರೂ ಇದನ್ನು ಬರೆಯಬಹುದಿತ್ತು, ಅದೇ ಇದರ ದೋಷ. ಅಡಿಕೆಯನ್ನು ತೆಗೆದು ಮೀನು ಎಂದು ಹಾಕಿ, ಕಾರವಾರದಿಂದ ಕಳುಹಿಸಿದರೂ ಒಂದಕ್ಷರ ಬದಲಿಸಬೇಕಾಗಿಲ್ಲ. ಯಕ್ಷಗಾನದ ಪೂರ್ವರಂಗಕ್ಕೆ ಮುಂದೆ ಇಡೀ ರಾತ್ರಿ ಇರುತ್ತದೆ. ಸಾರಾಂಶಕ್ಕೆ ಇರುವುದು ಹತ್ತು ಸಾಲು, ಅದರಲ್ಲಿ ಪ್ರಸಂಗದ ನಡುವಿನಿಂದಲೇ ಪ್ರವೇಶ ಮಾಡಬೇಕು.

ನಡು ಎಂದರೆ ಎಲ್ಲಿ? ಕೆಲಸ ಮಾಡುವಾಗ ನಿಮ್ಮನ್ನು ನಿಜವಾಗಿ ಕಾಡಿದ ಜಾಗದಲ್ಲಿ. ಈ ಆ್ಯಪ್‌ನ ಮಟ್ಟಿಗೆ ಅದು ನೆಟ್‌ವರ್ಕ್. ಸಂಘದ ಅಂಗಳದಲ್ಲಿ ಎರಡು ತೂಕದ ಕೌಂಟರ್‌ಗಳಿವೆ, ಎರಡಕ್ಕೂ ಒಂದೊಂದು ಫೋನ್. ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಆದರೆ ಚೀಲ ತಂದವರನ್ನು ಕಾಯಿಸುವಂತಿಲ್ಲ, ತೂಕ ನಡೆಯುತ್ತಲೇ ಇರುತ್ತದೆ. ಕೊನೆಯದಾಗಿ ಎರಡೂ ಫೋನ್ ನೋಡಿದ ಚೀಟಿಯ ಸಂಖ್ಯೆ 1041. ಹಾಗಾಗಿ ಎರಡೂ ಮುಂದಿನ ಸದಸ್ಯರಿಗೆ 1042 ಎಂದೇ ಚೀಟಿ ಕೊಡುತ್ತವೆ. ನೆಟ್‌ವರ್ಕ್ ಮರಳಿದಾಗ ಒಬ್ಬರ ರಾಶಿ ಅಡಿಕೆಯ ಮೇಲೆ ಇನ್ನೊಬ್ಬರ ಚಾಲಿ ಕುಳಿತುಬಿಡುತ್ತದೆ. ಇದಕ್ಕಿಂತ ಮೋಸದ ತೊಂದರೆ ಇನ್ನೊಂದಿದೆ. ಫೋನ್ ಕಳುಹಿಸಿದ ಚೀಟಿಯನ್ನು ಸರ್ವರ್ ಉಳಿಸಿಕೊಂಡಿತು, ಆದರೆ ‘ತಲುಪಿತು’ ಎಂಬ ಉತ್ತರ ಹಿಂತಿರುಗುವ ಮೊದಲೇ ಸಂಪರ್ಕ ಕಡಿಯಿತು. ತಲುಪಲಿಲ್ಲ ಎಂದುಕೊಂಡ ಫೋನ್ ಮತ್ತೆ ಕಳುಹಿಸುತ್ತದೆ. ಒಂದೇ ಚೀಲ ಎರಡಾಗಿ ಲೆಕ್ಕಕ್ಕೆ ಬರುತ್ತದೆ. ಮೊದಲನೆಯ ತಪ್ಪಿನಲ್ಲಿ ಅಡಿಕೆ ಕಳೆದುಕೊಂಡ ಸದಸ್ಯರು ಜಗಳಕ್ಕೆ ಬರುತ್ತಾರೆ, ಹಾಗಾಗಿ ಅದು ಬೇಗ ಸಿಕ್ಕಿಬೀಳುತ್ತದೆ. ಎರಡನೆಯದರಲ್ಲಿ ಯಾರೂ ತಾವಾಗಿ ಬಂದು ಹೇಳುವುದಿಲ್ಲ.

ಸಾರಾಂಶ ಇಷ್ಟನ್ನು ಹಿಡಿದರೆ ಸಾಕು:

> ಅಡಿಕೆ ತೂಗುವ ಎರಡು ಕೌಂಟರ್‌ಗಳಲ್ಲಿ ನೆಟ್‌ವರ್ಕ್ ಹೋದಾಗ ಎರಡು ಫೋನ್‌ಗಳು ಇಬ್ಬರು ಸದಸ್ಯರಿಗೆ ಒಂದೇ ಸಂಖ್ಯೆಯ ಚೀಟಿ ಕೊಟ್ಟವು. ನೆಟ್‌ವರ್ಕ್ ಮರಳಿದಾಗ ಕೆಲವು ಚೀಲಗಳು ಕಾಣೆಯಾದವು, ಕೆಲವು ಎರಡೆರಡು ಬಾರಿ ಲೆಕ್ಕಕ್ಕೆ ಬಂದವು. ಸರ್ವರ್ ಕೊಡುತ್ತಿದ್ದ ಕ್ರಮಸಂಖ್ಯೆಯನ್ನು ಬಿಟ್ಟು, ಪ್ರತಿ ಚೀಟಿಗೂ ಫೋನ್‌ನಲ್ಲೇ ಶಾಶ್ವತ ಗುರುತು ಹುಟ್ಟಿಸಿ, ಅದೇ ಗುರುತಿನ ಚೀಟಿ ಮತ್ತೆ ಬಂದರೆ ಸರ್ವರ್ ಸುಮ್ಮನಿರುವಂತೆ ಮಾಡಿದೆವು. ಈ ಬದಲಾವಣೆಯ ವಿವರ, ಅದರಿಂದ ಬಗೆಹರಿಯದೆ ಉಳಿದ ಎರಡು ಸಮಸ್ಯೆಗಳು ಮತ್ತು ನಿಮ್ಮ ಆ್ಯಪ್‌ನಲ್ಲಿ ಇದೇ ದೋಷವಿದೆಯೇ ಎಂದು ಪರೀಕ್ಷಿಸುವ ಕ್ರಮ ಈ ಉಪನ್ಯಾಸದಲ್ಲಿವೆ.

‘ಬಗೆಹರಿಯದೆ ಉಳಿದ ಎರಡು ಸಮಸ್ಯೆಗಳು’ ಎಂಬ ಮಾತನ್ನು ಗಮನಿಸಿ. ಸಮಿತಿಯಲ್ಲಿ ಕುಳಿತವರಿಗೆ ನಂಬಿಕೆ ಹುಟ್ಟಿಸುವುದು ಅದೇ. ಎಲ್ಲವೂ ಸರಿಹೋಯಿತು ಎನ್ನುವ ಸಾರಾಂಶ ಓದಿದರೆ ನನಗಂತೂ ಈ ಆ್ಯಪ್ ಇನ್ನೂ ಒಂದು ಸುಗ್ಗಿಯನ್ನೂ ಕಂಡಿಲ್ಲವೇನೋ ಎಂಬ ಅನುಮಾನ ಬರುತ್ತದೆ.

ಉತ್ತರವನ್ನು ಸಾರಾಂಶದಲ್ಲೇ ಹೇಳಿಬಿಟ್ಟರೆ ಉಪನ್ಯಾಸಕ್ಕೆ ಯಾರು ಬರುತ್ತಾರೆ?

ಬರುತ್ತಾರೆ. ಗುರುತನ್ನು ಫೋನ್‌ನಲ್ಲೇ ಹುಟ್ಟಿಸಬೇಕು ಎಂಬ ಒಂದು ವಾಕ್ಯ ತಿಳಿದ ಮಾತ್ರಕ್ಕೆ ಯಾರಿಗೂ ಅದನ್ನು ಮಾಡಲು ಬರುವುದಿಲ್ಲ. ಹಳೆಯ ಚೀಟಿಗಳನ್ನು ಏನು ಮಾಡಿದಿರಿ, ಮುದ್ರಿತ ಚೀಟಿಯ ಮೇಲೆ ಆ ಉದ್ದನೆಯ ಗುರುತನ್ನು ಹೇಗೆ ಹಾಕಿದಿರಿ ಎಂಬ ಪ್ರಶ್ನೆಗಳು ಆಗಲೇ ಹುಟ್ಟುತ್ತವೆ. ‘ಇದಕ್ಕೊಂದು ಅಚ್ಚರಿಯ ಪರಿಹಾರವಿದೆ, ಬಂದು ಕೇಳಿ’ ಎಂದು ಬರೆದರೆ ಸಮಿತಿಯವರಿಗೆ ಅಳೆಯಲು ಏನೂ ಸಿಗುವುದಿಲ್ಲ. ಅಳೆಯಲಾಗದ್ದನ್ನು ಬದಿಗಿಡುವುದು ಅವರಿಗೆ ಸುಲಭ.

ಸಾರಾಂಶ ಎಷ್ಟು ಉದ್ದವಿರಬೇಕು?

ಅರ್ಜಿಯಲ್ಲಿ ಹೇಳಿದಷ್ಟು. ಹೇಳದಿದ್ದರೆ ನೂರರಿಂದ ನೂರೈವತ್ತು ಪದ. ಕೆಲವು ಕಡೆ 300 ಅಕ್ಷರಗಳ ಕಿರುಪರಿಚಯವನ್ನೂ ಬೇರೆಯಾಗಿ ಕೇಳುತ್ತಾರೆ. ಕನ್ನಡದಲ್ಲಿ ಬರೆಯುವವರು ಇಲ್ಲಿ ಎಚ್ಚರದಿಂದಿರಬೇಕು. ಕಂಪ್ಯೂಟರ್ ಎಣಿಸುವುದು ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳನ್ನಲ್ಲ, ಯೂನಿಕೋಡ್ ಸಂಕೇತಗಳನ್ನು. ‘ಅಡಿಕೆ’ ನಮಗೆ ಮೂರು ಅಕ್ಷರ, ಅದಕ್ಕೆ ಐದು. ‘ಲಕ್ಷ್ಮಿ’ ನಮಗೆ ಎರಡು, ಅದಕ್ಕೆ ಏಳು. ಗುಣಿತ, ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಲೆಕ್ಕಕ್ಕೆ ಬರುವುದರಿಂದ 300ರ ಮಿತಿ ನೀವು ಎಣಿಸಿದ್ದಕ್ಕಿಂತ ಬಹಳ ಮೊದಲೇ ಮುಗಿಯುತ್ತದೆ. ಬೇರೆಡೆ ಬರೆದು ಅಂಟಿಸಿದ ಮೇಲೆ ಕೊನೆಯ ವಾಕ್ಯ ಉಳಿದಿದೆಯೇ ಎಂದು ನೋಡಿಕೊಳ್ಳಿ.

‘ಕೇಳುಗರಿಗೆ ದಕ್ಕುವುದು’ ಎಂಬಲ್ಲಿ ಏನು ಬರೆಯಬೇಕು? ಸಾರಾಂಶವನ್ನೇ ಇನ್ನೊಮ್ಮೆ ಬರೆದಂತಾಗುತ್ತದೆಯಲ್ಲ?

ಸಾರಾಂಶದಲ್ಲಿ ನಿಮ್ಮ ಕಥೆ ಇರುತ್ತದೆ. ಇಲ್ಲಿ ನಿಮ್ಮ ಅಡಿಕೆ, ನಿಮ್ಮ ಸಂಘ ಎರಡೂ ಮಾಯವಾಗಬೇಕು. ಬೆಂಗಳೂರಿನ ಆಸ್ಪತ್ರೆಗೋ ಬಸ್ ನಿಲ್ದಾಣಕ್ಕೋ ಆ್ಯಪ್ ಬರೆಯುವವರು ಸೋಮವಾರ ಕಚೇರಿಗೆ ಹೋಗಿ ಏನು ಮಾಡಬಲ್ಲರು ಎಂಬುದಷ್ಟೇ ಉಳಿಯಬೇಕು.

ನಾನು ನೋಡುವುದು ಕ್ರಿಯಾಪದವನ್ನು. ‘ಆಫ್‌ಲೈನ್ ಆ್ಯಪ್‌ಗಳ ಬಗ್ಗೆ ತಿಳಿಯುತ್ತಾರೆ’, ‘ಸವಾಲುಗಳ ಅರಿವು ಮೂಡುತ್ತದೆ’ ಎಂಬ ವಾಕ್ಯಗಳನ್ನು ಯಾರೂ ಪರೀಕ್ಷಿಸಲಾರರು. ತಿಳಿದಿದೆಯೋ ಇಲ್ಲವೋ ಎಂದು ಹೇಗೆ ಕೇಳುತ್ತೀರಿ? ‘ಗುರುತಿಸಬಲ್ಲರು’, ‘ಪರೀಕ್ಷಿಸಬಲ್ಲರು’, ‘ಆಯ್ದುಕೊಳ್ಳಬಲ್ಲರು’ ಎಂದಾಗ ವಾಕ್ಯಕ್ಕೆ ಕರ್ಮಪದ ಬೇಕಾಗುತ್ತದೆ, ಆಗ ಏನನ್ನು ಎಂದು ನೀವು ಹೇಳಲೇಬೇಕಾಗುತ್ತದೆ. ನಮ್ಮ ಪ್ರಸ್ತಾಪದಲ್ಲಿ ಅವು ಹೀಗೆ ಬರಬಹುದು:

> ಕ್ರಮಸಂಖ್ಯೆಯನ್ನು ಸರ್ವರ್ ಕೊಡಬೇಕೇ, ಸಾಧನವೇ ಹುಟ್ಟಿಸಬೇಕೇ ಎಂಬುದನ್ನು ತಮ್ಮ ಆ್ಯಪ್‌ನ ಮಟ್ಟಿಗೆ ತೀರ್ಮಾನಿಸಬಲ್ಲರು.
>
> ದಾಖಲೆ ಉಳಿಸಿದ ಮೇಲೆ ಉತ್ತರ ಕೊಡದೆ ಸಂಪರ್ಕ ಕಡಿಯುವ ಪರೀಕ್ಷಾ ಸರ್ವರ್ ಬಳಸಿ, ಒಂದೇ ದಾಖಲೆ ಎರಡು ಬಾರಿ ಸೇರುತ್ತಿದೆಯೇ ಎಂದು ಪತ್ತೆಹಚ್ಚಬಲ್ಲರು.
>
> ತಪ್ಪಾದ ದಾಖಲೆಯನ್ನು ತಿದ್ದುವ ಬದಲು ರದ್ದತಿ ದಾಖಲೆ ಸೇರಿಸುವ ಕ್ರಮ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಹೇಳಬಲ್ಲರು.

ಎರಡನೆಯದನ್ನು ನೋಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಪರೀಕ್ಷಿಸಿದೆವು ಎಂದು ತೃಪ್ತಿಪಡುವವರು ಬಹಳ. ಹಾಗೆ ಮಾಡಿದರೆ ಚೀಟಿ ಫೋನಿನಿಂದ ಹೊರಡುವುದೇ ಇಲ್ಲ, ಹಾಗಾಗಿ ಎರಡು ಬಾರಿ ಸೇರುವ ದೋಷ ಕಾಣಿಸಿಕೊಳ್ಳುವುದೂ ಇಲ್ಲ. ಕಡಿಯಬೇಕಾದದ್ದು ಹಿಂತಿರುಗುವ ದಾರಿಯನ್ನು. ಇಂಥ ಒಂದು ಖಚಿತ ವಿವರ ಈ ಭಾಗದಲ್ಲಿದ್ದರೆ, ಮಾತನಾಡುವವರು ಕೆಲಸವನ್ನು ಕೈಯಾರೆ ಮಾಡಿದ್ದಾರೆ ಎಂಬುದಕ್ಕೆ ಬೇರೆ ಪ್ರಮಾಣಪತ್ರ ಬೇಡ.

ಮೂರು ಸಾಕು. ಮೂವತ್ತು ನಿಮಿಷಕ್ಕೆ ಏಳು ಅಂಶಗಳನ್ನು ಬರೆದವರು ಒಂದನ್ನೂ ಪೂರ್ತಿ ಹೇಳಲಾರರು ಎಂದು ಸಮಿತಿಗೆ ಗೊತ್ತಿರುತ್ತದೆ.

ಸಮಯದ ಹಂಚಿಕೆಯನ್ನೂ ಬರೆಯಬೇಕೇ?

ಕೇಳದಿದ್ದರೂ ಸಮಿತಿಯ ಟಿಪ್ಪಣಿಯಲ್ಲಿ ಬರೆಯಿರಿ. ಕೌಂಟರ್‌ನಲ್ಲಿ ನಡೆದದ್ದು 3 ನಿಮಿಷ, ಸಂಖ್ಯೆಗಳ ಘರ್ಷಣೆ 6, ಎರಡು ಬಾರಿ ಸೇರುವ ದೋಷ 8, ಫೋನಿನ ಗಡಿಯಾರ ಮತ್ತು ತಿದ್ದುಪಡಿ 4, ಪರೀಕ್ಷೆಯ ಪ್ರಾತ್ಯಕ್ಷಿಕೆ 4, ಪ್ರಶ್ನೋತ್ತರ 5. ಒಟ್ಟು ಮೂವತ್ತು. ಆಮೇಲೆ ಇದನ್ನು ಮೇಲಿನ ಮೂರು ವಾಕ್ಯಗಳ ಪಕ್ಕದಲ್ಲಿಟ್ಟು ನೋಡಿ. ರದ್ದತಿ ದಾಖಲೆಯ ವಿಷಯಕ್ಕೆ ಸಿಕ್ಕಿದ್ದು ನಾಲ್ಕು ನಿಮಿಷ, ಅದೂ ಗಡಿಯಾರದ ಜೊತೆ ಹಂಚಿಕೊಂಡು. ಅಷ್ಟರಲ್ಲಿ ‘ಎಲ್ಲಿ ಹೊಂದುವುದಿಲ್ಲ’ ಎಂಬುದನ್ನೂ ಹೇಳಲು ಸಾಧ್ಯವೇ? ಇಲ್ಲವಾದರೆ ಗಡಿಯಾರದ ಭಾಗವನ್ನು ಕೈಬಿಡಬೇಕು, ಇಲ್ಲವೇ ಮೂರನೆಯ ವಾಕ್ಯವನ್ನು ಹೊಡೆದುಹಾಕಬೇಕು. ನಾನಾದರೆ ಗಡಿಯಾರವನ್ನು ಕೈಬಿಡುತ್ತೇನೆ. ಯಾರಾದರೂ ಪ್ರಶ್ನೋತ್ತರದಲ್ಲಿ ಅದನ್ನು ಕೇಳಿಯೇ ಕೇಳುತ್ತಾರೆ.

ಹೆಸರು ಮರೆಮಾಡಿ ಓದುತ್ತಾರಂತೆ. ಹಾಗಿದ್ದರೆ ನನ್ನ ಅನುಭವವನ್ನು ಎಲ್ಲಿ ಹೇಳಲಿ?

ಕೆಲವು ಸಮ್ಮೇಳನಗಳಲ್ಲಿ ಮೊದಲ ಸುತ್ತಿನ ಓದು ಹಾಗೆಯೇ ನಡೆಯುತ್ತದೆ. ಪರಿಚಯದ ಭಾಗವನ್ನು ಮುಚ್ಚಿ ಸಾರಾಂಶ, ಟಿಪ್ಪಣಿಗಳನ್ನು ಮಾತ್ರ ಓದುಗರ ಮುಂದಿಡುತ್ತಾರೆ. ಆಗ ಸಾರಾಂಶದಲ್ಲಿ ನಿಮ್ಮ ಹೆಸರು, ಸಂಘದ ಹೆಸರು, ನಿಮ್ಮ ಕೋಡ್ ಇರುವ ಕೊಂಡಿ ಇರಬಾರದು. ಆದರೆ ‘ನಾನು ಈ ಆ್ಯಪ್ ಬರೆದು ಸುಗ್ಗಿಯುದ್ದಕ್ಕೂ ಕೌಂಟರ್‌ನಲ್ಲಿ ಬಳಸಿದ್ದೇನೆ’ ಎನ್ನುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮುಚ್ಚಬೇಕಾದದ್ದು ನೀವು ಯಾರು ಎಂಬುದನ್ನು, ನೀವು ಮಾಡಿದ ಕೆಲಸವನ್ನಲ್ಲ. ನಮ್ಮ ಊರುಗಳಿಂದ ಹೋಗುವವರಿಗೆ ಈ ಪದ್ಧತಿ ಒಳ್ಳೆಯದೇ. ದೊಡ್ಡ ಕಂಪನಿಯ ಹೆಸರಿನ ಭಾರ ಮೊದಲ ಸುತ್ತಿನಲ್ಲಿ ತಕ್ಕಡಿಗೆ ಬೀಳುವುದಿಲ್ಲ.

ಪರಿಚಯ ಬರೆಯುವುದೆಂದರೆ ಸಂಕೋಚ. ಹೇಗೆ ಬರೆಯಲಿ?

ನಮ್ಮ ಕಡೆ ಇದೊಂದು ವಿಚಿತ್ರ. ಸ್ವಂತದ ಬಗ್ಗೆ ಎರಡು ಸಾಲು ಬರೆಯಲು ನಾಚುವವರೇ ಇನ್ನೊಬ್ಬರ ಸನ್ಮಾನ ಪತ್ರಕ್ಕೆ ಕುಳಿತರೆ ಹುಟ್ಟಿದ ಊರು, ತಂದೆತಾಯಿ, ಓದಿದ ಶಾಲೆ, ಪಡೆದ ಬಹುಮಾನಗಳನ್ನೆಲ್ಲ ಹೊಳೆಯಂತೆ ಹರಿಸುತ್ತಾರೆ. ಸಂಘಟಕರಿಗೆ ಇವೆರಡೂ ಬೇಡ. ಈ ಉಪನ್ಯಾಸವನ್ನು ಕೊಡಲು ನೀವೇ ಏಕೆ ಎಂಬ ಒಂದೇ ಪ್ರಶ್ನೆಗೆ ಅವರಿಗೆ ಉತ್ತರ ಬೇಕು.

> ಶಿರಸಿ ತಾಲ್ಲೂಕಿನ ಸಹಕಾರಿ ಸಂಘವೊಂದಕ್ಕೆ ತೂಕದ ಚೀಟಿಯ ಆ್ಯಪ್ ಬರೆದು ನಿರ್ವಹಿಸುತ್ತಿದ್ದಾರೆ. ಸುಗ್ಗಿಯ ದಿನಗಳಲ್ಲಿ ಕೌಂಟರ್‌ನಲ್ಲಿ ಕುಳಿತು ಸ್ವತಃ ಚೀಟಿ ಕೊಡುತ್ತಾರೆ. ಇದಕ್ಕೂ ಮೊದಲು ಹುಬ್ಬಳ್ಳಿಯ ಕಂಪನಿಯೊಂದರಲ್ಲಿ ಡೇಟಾಬೇಸ್ ವಿಭಾಗದಲ್ಲಿದ್ದರು. ಮನೆಯಲ್ಲಿ ಅಡಿಕೆ ತೋಟವಿದೆ, ಹಾಗಾಗಿ ಚೀಟಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕೌಂಟರ್‌ನ ಎರಡೂ ಬದಿಗಳಿಂದ ಬಲ್ಲರು.

ಇಷ್ಟೇ. ಪದವಿ ಎಲ್ಲಿ ಎಂದು ಕೇಳಬಹುದು. ಈ ವಿಷಯಕ್ಕೆ ಅದು ಬೇಕಾಗಿಲ್ಲ. ಡೇಟಾಬೇಸ್ ಸಿದ್ಧಾಂತದ ಉಪನ್ಯಾಸವಾಗಿದ್ದರೆ ಬೇಕಾಗುತ್ತಿತ್ತು. ಪ್ರಥಮ ಪುರುಷದಲ್ಲಿ ಬರೆಯುವುದು ಏಕೆಂದರೆ ಈ ಸಾಲುಗಳನ್ನೇ ಸಂಘಟಕರು ಕಾರ್ಯಕ್ರಮ ಪಟ್ಟಿಯಲ್ಲಿ ಮುದ್ರಿಸುತ್ತಾರೆ, ನಿರೂಪಕರು ವೇದಿಕೆಯಲ್ಲಿ ಓದುತ್ತಾರೆ. ಹೆಸರಿನ ಉಚ್ಚಾರ ಹೊರಗಿನವರಿಗೆ ಕಷ್ಟವಾಗುವಂತಿದ್ದರೆ ಟಿಪ್ಪಣಿಯಲ್ಲಿ ತಿಳಿಸಿ.

ಈವರೆಗೆ ಎಲ್ಲಿಯೂ ಮಾತನಾಡಿಲ್ಲ. ಅದನ್ನು ಹೇಳಲೇ, ಮುಚ್ಚಿಡಲೇ?

ಹೇಳಿ. ಹೊಸಬರಿಗೆಂದೇ ಸ್ವಲ್ಪ ಜಾಗ ಇಡುವ ಸಂಘಟಕರಿದ್ದಾರೆ, ಅಭ್ಯಾಸಕ್ಕೆ ಹಿರಿಯರೊಬ್ಬರನ್ನು ಜೊತೆ ಮಾಡಿಕೊಡುವವರೂ ಇದ್ದಾರೆ. ಹಿಂದಿನ ಉಪನ್ಯಾಸದ ವಿಡಿಯೊ ಕೇಳಿದರೆ, ಮೊಬೈಲ್‌ನಲ್ಲಿ ಎರಡು ಮೂರು ನಿಮಿಷ ಮಾತನಾಡಿ ಕಳುಹಿಸಿ. ಅದರಲ್ಲಿ ಪೀಠಿಕೆ ಬೇಡ, 1042ರ ಘರ್ಷಣೆಯನ್ನು ಒಂದು ಕಾಗದದ ಮೇಲೆ ಬರೆದು ವಿವರಿಸಿ. ಅವರು ನೋಡುವುದು ದನಿ ಕೇಳಿಸುತ್ತದೆಯೇ, ವಿಷಯ ಮುಂದೆ ಸಾಗುತ್ತದೆಯೇ ಎಂಬುದನ್ನು. ಹಂಚಿನ ಮಾಡಿನ ಮೇಲೆ ಮಳೆ ಹೊಡೆಯುವ ಹೊತ್ತಿನಲ್ಲಿ ಮಾತ್ರ ರೆಕಾರ್ಡ್ ಮಾಡಬೇಡಿ.

ಸಂಘದ ಅನುಮತಿ ಬೇಕೇ?

ಬೇಕು, ಅದೂ ಪ್ರಸ್ತಾಪ ಕಳುಹಿಸುವ ಮೊದಲೇ. ಆಯ್ಕೆಯಾದ ಮೇಲೆ ಆಡಳಿತ ಮಂಡಳಿ ಬೇಡ ಎಂದರೆ ಇಬ್ಬರಿಗೂ ಮುಜುಗರ. ಕೇಳುವಾಗ ಸಾರಾಂಶವನ್ನೇ ಮುದ್ರಿಸಿ ಕೊಡಿ. ಚೀಲಗಳು ಎರಡು ಬಾರಿ ಲೆಕ್ಕಕ್ಕೆ ಬಂದವು ಎಂಬುದು ಸಂಘದ ಮರ್ಯಾದೆಯ ಪ್ರಶ್ನೆ ಎಂದು ಅಧ್ಯಕ್ಷರಿಗೆ ಅನ್ನಿಸಬಹುದು, ಅದು ತಪ್ಪೂ ಅಲ್ಲ. ಸಂಘದ ಹೆಸರು ಹೇಳುವುದಿಲ್ಲ, ಸದಸ್ಯರ ಹೆಸರು, ತೂಕ, ದರ ಯಾವುದೂ ಪರದೆಯ ಮೇಲೆ ಬರುವುದಿಲ್ಲ ಎಂದು ಬರೆದುಕೊಡಿ. ಪರದೆಯ ಚಿತ್ರಗಳಿಗೆ ಕಲ್ಪಿತ ಚೀಟಿಗಳನ್ನೇ ತಯಾರಿಸಿಕೊಳ್ಳಿ. ನಿಜವಾದದ್ದನ್ನು ಮಸುಕು ಮಾಡಿ ತೋರಿಸುವಾಗ ಒಂದು ಮೂಲೆಯಲ್ಲಿ ಖಾತೆ ಸಂಖ್ಯೆ ಉಳಿದುಹೋಗುವುದು ಸಾಮಾನ್ಯ. ಉಪನ್ಯಾಸವನ್ನು ಚಿತ್ರೀಕರಿಸಬಾರದು ಎಂದು ಸಂಘ ಬಯಸಿದರೆ, ಅದನ್ನು ಗುರುತು ಮಾಡುವ ಜಾಗ ಕೆಲವು ಅರ್ಜಿಗಳಲ್ಲೇ ಇರುತ್ತದೆ.

ಇದೇ ವಿಷಯವನ್ನು ಸಹಕಾರಿ ಕ್ಷೇತ್ರದ ಸಮ್ಮೇಳನಕ್ಕೂ ಕಳುಹಿಸಬಹುದೇ?

ಕಳುಹಿಸಬಹುದು, ಆದರೆ ಸಾರಾಂಶವನ್ನು ಹಾಗೆಯೇ ಅಂಟಿಸಬೇಡಿ. ಅಲ್ಲಿ ಕುಳಿತಿರುವವರು ಕಾರ್ಯದರ್ಶಿಗಳು, ನಿರ್ದೇಶಕರು. ಗುರುತನ್ನು ಫೋನ್ ಹುಟ್ಟಿಸಿತೋ ಸರ್ವರ್ ಹುಟ್ಟಿಸಿತೋ ಎಂಬುದು ಅವರ ಚಿಂತೆಯಲ್ಲ. ಚೀಟಿಯ ಮೇಲೆ ಎ-1042, ಬಿ-1042 ಎಂದು ಕೌಂಟರ್‌ನ ಅಕ್ಷರ ಸೇರಿಸಿದ್ದರಿಂದ ವಿವಾದ ಬಂದಾಗ ಯಾವ ತಕ್ಕಡಿ, ಯಾರ ಪಾಳಿ ಎಂದು ತಕ್ಷಣ ತಿಳಿಯುವುದು ಅವರಿಗೆ ಬೇಕಾದ ವಿಷಯ. ಅವರಿಗೆ ದಕ್ಕುವುದು ಕೂಡ ಬೇರೆ: ಆ್ಯಪ್ ಮಾರಲು ಬಂದವರನ್ನು ‘ನೆಟ್‌ವರ್ಕ್ ಇಲ್ಲದಾಗ ಎರಡು ಕೌಂಟರ್‌ಗಳಲ್ಲಿ ಚೀಟಿ ಕೊಟ್ಟು ತೋರಿಸಿ’ ಎಂದು ಕೇಳಬಲ್ಲರು, ತಿದ್ದಿದ ಚೀಟಿಯ ಹಳೆಯ ತೂಕ ಲೆಕ್ಕಪರಿಶೋಧಕರಿಗೆ ಕಾಣುತ್ತದೆಯೇ ಎಂದು ಪರಿಶೀಲಿಸಬಲ್ಲರು.

ಸಹಕಾರಿ ವೇದಿಕೆಯಾದರೆ 1905ರ ಕಣಗಿನಹಾಳದಿಂದ ಆರಂಭಿಸಿ, 1923ರಲ್ಲಿ ಶಿರಸಿಯ ತೋಟಗಾರ್ಸ್ ಸೊಸೈಟಿ ಹುಟ್ಟಿದ್ದನ್ನು ಹಾದು ಬರುವ ಆಸೆ ಎಲ್ಲರಿಗೂ ಇರುತ್ತದೆ. ಆ ಇತಿಹಾಸವನ್ನು ಉದ್ಘಾಟಕರು ಹೇಳುತ್ತಾರೆ, ನಿಮ್ಮ ಸಾರಾಂಶದ ಜಾಗವನ್ನು ಅದಕ್ಕೆ ಕೊಡಬೇಡಿ.

ಶೀರ್ಷಿಕೆ?

‘ಎರಡು ಕೌಂಟರ್, ಒಂದೇ ಚೀಟಿ: ನೆಟ್‌ವರ್ಕ್ ಇಲ್ಲದಾಗ ದಾಖಲೆಗಳನ್ನು ಕಾಯುವುದು.’ ಮೊದಲರ್ಧ ಕುತೂಹಲಕ್ಕೆ, ಉಳಿದರ್ಧ ಕಾರ್ಯಕ್ರಮ ಪಟ್ಟಿಯಲ್ಲಿ ಕಣ್ಣಾಡಿಸುವವರಿಗೆ. ಮೊದಲರ್ಧ ಮಾತ್ರ ಇದ್ದರೆ ಹಾಸ್ಯ ಕಾರ್ಯಕ್ರಮ ಎಂದುಕೊಂಡಾರು.

ಕೊನೆಯ ದಿನಾಂಕದ ಪಕ್ಕ AoE ಎಂದಿದೆ. ಏನದು?

ಭೂಮಿಯ ಮೇಲೆ ಎಲ್ಲಿಯಾದರೂ ಆ ದಿನಾಂಕ ಇನ್ನೂ ಉಳಿದಿರುವವರೆಗೆ ಎಂದರ್ಥ. 31ನೇ ತಾರೀಖು ಎಂದಿದ್ದರೆ ನಮಗೆ ಮರುದಿನ ಸಂಜೆ 5:29ರವರೆಗೆ ಅವಕಾಶವಿದೆ. ಹಾಗೆಂದು ಆ ಸಂಜೆಯನ್ನೇ ನಂಬಿ ಕೂರಬೇಡಿ. ನೆಟ್‌ವರ್ಕ್ ಇಲ್ಲದಿರುವುದೇ ನಿಮ್ಮ ಉಪನ್ಯಾಸದ ವಿಷಯ, ನೆನಪಿರಲಿ.

ಪ್ರಯಾಣದ ಖರ್ಚನ್ನು ಕೇಳಬಹುದೇ?

ಅದಕ್ಕೆಂದು ಇರುವ ಜಾಗದಲ್ಲಿ ಧಾರಾಳವಾಗಿ ಕೇಳಿ. ಜಾಗವಿಲ್ಲದಿದ್ದರೆ ಸಂಘಟಕರಿಗೆ ಬೇರೆಯಾಗಿ ಬರೆಯಿರಿ, ಸಾರಾಂಶದಲ್ಲಿ ಬೇಡ. ಎಲ್ಲಿಂದ ಬರುತ್ತೀರಿ, ಎಷ್ಟು ರಾತ್ರಿ ತಂಗಬೇಕು ಎಂದು ಸ್ಪಷ್ಟವಾಗಿ ಹೇಳಿ. ಕಾರವಾರದವರಿಗೆ ಬೆಂಗಳೂರಿಗೆ ನೇರ ರೈಲಿದೆ. ಶಿರಸಿಗೆ ರೈಲೇ ಇಲ್ಲ, ರಾತ್ರಿ ಬಸ್ಸೇ ಗತಿ ಎಂಬುದು ಬೆಂಗಳೂರಿನವರಿಗೆ ಗೊತ್ತಿರಬೇಕೆಂದಿಲ್ಲ. ಸಮ್ಮೇಳನ ಜುಲೈ, ಆಗಸ್ಟ್‌ನಲ್ಲಿದ್ದರೆ ಒಂದು ದಿನ ಮೊದಲೇ ಹೊರಡುವ ಲೆಕ್ಕ ಹಾಕಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದದ್ದನ್ನು ಕರಾವಳಿಯವರಿಗೆ ನೆನಪಿಸಬೇಕಾಗಿಲ್ಲ.

ಆಯ್ಕೆಯಾಗಲಿಲ್ಲ. ಪ್ರಸ್ತಾಪ ಕೆಟ್ಟದಿತ್ತೇ?

ಹೇಳಲಾಗದು. ಆಫ್‌ಲೈನ್ ಆ್ಯಪ್‌ಗಳ ಬಗ್ಗೆಯೇ ಇನ್ನೊಂದು ಪ್ರಸ್ತಾಪ ಬಂದು, ಎರಡಕ್ಕೆ ಜಾಗವಿಲ್ಲದೆ ಒಂದನ್ನು ಬಿಟ್ಟಿರಬಹುದು. ಒಂದು ಸಾಲಿನ ಪತ್ರ ಬರೆದು ಕೇಳಿ: ವಿಷಯ ಹೊಂದಲಿಲ್ಲವೇ, ಸಾರಾಂಶ ಸ್ಪಷ್ಟವಾಗಲಿಲ್ಲವೇ? ‘ಯಾರಿಗಾಗಿ ಎಂದು ತಿಳಿಯಲಿಲ್ಲ’ ಎಂಬ ಉತ್ತರ ಬಂದರೆ ಕೇಳುಗರಿಗೆ ದಕ್ಕುವ ಭಾಗವನ್ನು ತಿದ್ದಿ. ‘ಹೊಸತೇನೂ ಇಲ್ಲ’ ಎಂದರೆ ಬಗೆಹರಿಯದ ಸಮಸ್ಯೆಗಳನ್ನು ಮುಂದಕ್ಕೆ ತನ್ನಿ, ನಿಮ್ಮಲ್ಲಿ ಬೇರೆಯವರಲ್ಲಿ ಇಲ್ಲದ್ದು ಇರುವುದು ಅಲ್ಲಿ. ಉತ್ತರವೇ ಬಾರದಿದ್ದರೆ ಅದೇ ಪ್ರಸ್ತಾಪವನ್ನು ಬೇರೆಡೆ ಕಳುಹಿಸಲು ಯಾರ ಅಪ್ಪಣೆಯೂ ಬೇಡ.

ಆಯ್ಕೆಯಾದ ಮೇಲೆ ವಿಷಯವನ್ನು ಬದಲಿಸಬಹುದೇ?

ಉದಾಹರಣೆ, ಕ್ರಮ, ಚಿತ್ರಗಳನ್ನು ಬದಲಿಸಬಹುದು. ಆ ಮೂರು ವಾಕ್ಯಗಳನ್ನು ಬದಲಿಸುವಂತಿಲ್ಲ, ಕೇಳುಗರು ಪಕ್ಕದ ಸಭಾಂಗಣವನ್ನು ಬಿಟ್ಟು ನಿಮ್ಮಲ್ಲಿಗೆ ಬರುವುದು ಅವುಗಳನ್ನು ಓದಿಯೇ. ಅಷ್ಟರೊಳಗೆ ಆ್ಯಪ್‌ನ ಕ್ರಮವೇ ಬದಲಾಗಿದ್ದರೆ ಸಂಘಟಕರಿಗೆ ಕೂಡಲೇ ತಿಳಿಸಿ. ಪಟ್ಟಿ ಮುದ್ರಣಕ್ಕೆ ಹೋಗುವ ಮೊದಲಾದರೆ ಅವರೇ ಸಾರಾಂಶವನ್ನು ತಿದ್ದಿಕೊಳ್ಳುತ್ತಾರೆ.